ಕಾಗದದ ತ್ರಿಭುಜಗಳು: ಸರ್ವಸಮತೆಯ ಎರಡು ಪಾಠಗಳು



ಒಂದು ಆಕೃತಿಯನ್ನು ಇನ್ನೊಂದರ ಮೇಲೆ ಇಟ್ಟಾಗ ಅಂಚಿಗೆ ಅಂಚು, ಮೂಲೆಗೆ ಮೂಲೆ ಕೂಡಿಕೊಂಡರೆ ಅವೆರಡೂ ಸರ್ವಸಮವೆಂದು ರೇಖಾಗಣಿತದಲ್ಲಿ ಹೇಳುವುದುಂಟು. ಏಳನೆಯ ತರಗತಿಯ ಬಾಲಕರಿಗೆ ಇದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದರೆ ಎಲ್ಲರೂ ತಲೆಯಾಡಿಸುವರು. ತೊಡಕು ಕಾಣಿಸಿಕೊಳ್ಳುವುದು ಅನಂತರ, ಮೂರು ಅಳತೆಗಳು ಸಮವಾದರೆ ತ್ರಿಭುಜಗಳು ಸರ್ವಸಮವಾಗುವುವೆಂಬ ನಿಯಮಗಳು ಒಂದರ ಹಿಂದೊಂದು ಬಂದಾಗ. ಯಾವ ಮೂರು, ಅವೇ ಏಕೆ, ಬೇರೆ ಮೂರು ಏಕೆ ಸಾಲವು ಎಂಬುದು ಕೈಗೆ ಹತ್ತದೆ, ನಿಯಮಗಳ ಹೆಸರುಗಳು ಮಾತ್ರ ಬಾಯಿಪಾಠವಾಗಿ ನಿಲ್ಲುತ್ತವೆ. ಕಲಬುರಗಿ ನಗರದ ಒಂದು ಶಾಲೆಯಲ್ಲಿಯೂ, ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರದ ಒಂದು ಶಾಲೆಯಲ್ಲಿಯೂ ಕತ್ತರಿಸಿದ ಕಾಗದಗಳಿಂದ ನಾವು ನಡೆಸಿದ ಎರಡು ಪಾಠಗಳ ಯೋಜನೆಯನ್ನು ಈ ಹೊತ್ತು ವಿವರಿಸುವೆವು.

ಎರಡು ಕಡೆಯೂ ತರಗತಿ ಒಂದೇ ತೆರನಾಗಿತ್ತು, ಎಂದರೆ ಒಂದೇ ತೆರನಾದ ಮಕ್ಕಳು ಎಲ್ಲಿಯೂ ಇರಲಿಲ್ಲ. ಕೈವಾರ ಹಿಡಿದು ತಪ್ಪಿಲ್ಲದೆ ತ್ರಿಭುಜ ರಚಿಸುವವರು ಕೆಲವರಿದ್ದರು. ಅಳತೆಪಟ್ಟಿಯನ್ನು ಸೊನ್ನೆಯಿಂದಲ್ಲ, ಒಂದರಿಂದ ಎಣಿಸುವವರೂ ಅದೇ ಬೆಂಚಿನಲ್ಲಿದ್ದರು. ಮನೆಯ ಮಾತು ಕೆಲವರಿಗೆ ಕನ್ನಡ, ಕೆಲವರಿಗೆ ಉರ್ದು, ತಾಂಡಾಗಳಿಂದ ಬರುವವರಿಗೆ ಲಂಬಾಣಿ. ‘ಸರ್ವಸಮ’ ಎಂಬ ಶಬ್ದ ಮಾತ್ರ ಇವರಲ್ಲಿ ಯಾರ ಮನೆಯದೂ ಅಲ್ಲ. ಆದುದರಿಂದ ಶಬ್ದವನ್ನು ಹಿಂದಕ್ಕಿಟ್ಟು ಕೆಲಸವನ್ನು ಮುಂದಕ್ಕೆ ತಂದೆವು.

ಮೊದಲು ಸಿದ್ಧತೆಯ ಮಾತು. ಒಂದು ಮಗ್ಗಲು ಅಚ್ಚಾಗಿ, ಇನ್ನೊಂದು ಮಗ್ಗಲು ಬಿಳಿದಾಗಿರುವ ದಪ್ಪ ಕಾಗದ ಬೇಕು. ಹಳೆಯ ಕ್ಯಾಲೆಂಡರಿನ ಹಾಳೆ ಇದಕ್ಕೆ ಒಪ್ಪುತ್ತದೆ. ಎರಡು ಮಗ್ಗಲುಗಳು ಬೇರೆ ಬೇರೆಯಾಗಿ ಕಾಣಬೇಕೆಂಬುದು ಶೋಭೆಗಾಗಿ ಅಲ್ಲ, ಅದರ ಕಾರಣ ಮುಂದೆ ತಿಳಿದುಬರುವುದು. ನಾಲ್ವರಿಗೆ ಒಂದರಂತೆ ಲಕೋಟೆ ಮಾಡಿ, ಒಂದೊಂದರಲ್ಲಿ ಆರು ಚೂರುಗಳನ್ನು ಇಡಬೇಕು. ಇವುಗಳಲ್ಲಿ ಮೂರು ಚೂರುಗಳು 5, 7, 8 ಸೆಂಟಿಮೀಟರು ಬಾಹುಗಳ ತ್ರಿಭುಜಗಳು. ಅವುಗಳಲ್ಲಿ ಎರಡನ್ನು ಅಚ್ಚಿನ ಮಗ್ಗಲು ಮೇಲಾಗಿಯೂ, ಒಂದನ್ನು ಅದೇ ಮಾದರಿಯಿಂದ ಬಿಳಿಯ ಮಗ್ಗಲು ಮೇಲಾಗಿಯೂ ಗೆರೆಯೆಳೆದು ಕತ್ತರಿಸಿರಬೇಕು. ನಾಲ್ಕನೆಯದು ಅದೇ ಆಕಾರದ ಕಿರಿಯ ತ್ರಿಭುಜ: 4, 5.6, 6.4. ಐದನೆಯದು 8ರ ಪಾದವುಳ್ಳದ್ದು, ಎತ್ತರದಲ್ಲಿ ಮೊದಲನೆಯವಕ್ಕೆ ಸಮವಾದದ್ದು, ಆದರೆ ಉಳಿದೆರಡು ಬಾಹುಗಳು ತಮ್ಮೊಳಗೆ ಸಮವಾಗಿರುವಂಥದು, 4.3 ಸೆಂಟಿಮೀಟರು ಅಗಲದ ಪಟ್ಟಿಯಿಂದ ಅದನ್ನು ಸುಲಭವಾಗಿ ತೆಗೆಯಬಹುದು. ಆರನೆಯದು 3, 7, 8ರ ತ್ರಿಭುಜ. ಇದೇ ನಮ್ಮ ಪಾಠದ ಗುಟ್ಟಿನ ಚೂರು. ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕತ್ತರಿಸುವಾಗ ನಾಲ್ಕಕ್ಕಿಂತ ಹೆಚ್ಚು ಇಡಬಾರದು. ಕೆಳಗಿನ ಹಾಳೆ ಜಾರಿ ಒಂದು ಮಿಲಿಮೀಟರಿನಷ್ಟು ವ್ಯತ್ಯಾಸವಾದರೂ ಮಕ್ಕಳು ಕಂಡುಹಿಡಿಯುತ್ತಾರೆ, ಪಾಠವೆಲ್ಲ ಆ ವ್ಯತ್ಯಾಸದ ವಾದದಲ್ಲೇ ಮುಗಿಯುತ್ತದೆ.

ಲಕೋಟೆ ಕೊಟ್ಟು ಕೇಳಬೇಕಾದ ಪ್ರಶ್ನೆ ಒಂದೇ: ಯಾವುದು ಯಾವುದರ ಮೇಲೆ ಸರಿಯಾಗಿ ಕೂಡುತ್ತದೆ? ಹತ್ತು ನಿಮಿಷ ಉಪಾಧ್ಯಾಯರು ಬಾಯಿ ತೆರೆಯಬಾರದು. ಇದು ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ಬಹಳ ಕಠಿಣ.

ಅಚ್ಚಿನ ಮಗ್ಗಲಿನ ಎರಡು ಚೂರುಗಳು ಬೇಗ ಕೂಡಿಕೊಳ್ಳುತ್ತವೆ. ಮೂರನೆಯದರಲ್ಲಿ ತರಗತಿ ಇಬ್ಭಾಗವಾಗುತ್ತದೆ. ಚಿತ್ರವಿರುವ ಮಗ್ಗಲನ್ನೇ ಮೇಲಿಟ್ಟುಕೊಂಡು ಎಷ್ಟು ತಿರುಗಿಸಿದರೂ ಅದು ಕೂಡುವುದಿಲ್ಲ. ಕಮಲಾಪುರದಲ್ಲಿ ಓದುವಾಗ ಅಕ್ಷರ ಅಕ್ಷರಕ್ಕೂ ತಡೆಯುತ್ತಿದ್ದ ಒಬ್ಬ ಹುಡುಗಿ ಚೂರನ್ನು ಬೆನ್ನಡಿಯಾಗಿ ಹಾಕಿ, “ಸರ್, ಮಗಚಿ ಹಾಕಿದ್ರ ಬರೋಬ್ಬರಿ ಕೂಡ್ತದರಿ” ಎಂದಳು. ಹಾಗೆ ಮಗುಚುವುದು ಮೋಸವೆಂದು ಪಕ್ಕದ ಗುಂಪಿನವರು ಜಗಳಕ್ಕೆ ನಿಂತರು. ಈ ಜಗಳ ಬೆಲೆಯುಳ್ಳದ್ದು. ಇದನ್ನು ಬೇಗ ತೀರ್ಮಾನಿಸಿಬಿಡಬಾರದು. ಕಾಗದವನ್ನು ಮಗುಚಿದಾಗ ಯಾವ ಬಾಹುವಿನ ಉದ್ದ ಬದಲಾಯಿತು, ಯಾವ ಕೋನ ಬದಲಾಯಿತು ಎಂದು ಕೇಳಿ ಅಳೆಯಿಸಬೇಕು. ಒಂದೂ ಬದಲಾಗಿಲ್ಲವೆಂದು ಅಳೆದವರೇ ಹೇಳುವರು. ಸರಿಸುವುದು, ತಿರುಗಿಸುವುದು, ಮಗುಚುವುದು, ಈ ಮೂರಕ್ಕೂ ರೇಖಾಗಣಿತದಲ್ಲಿ ಅಪ್ಪಣೆಯುಂಟೆಂದು ಆಗ ತಿಳಿಸಿದರೆ ಮಾತು ನಿಲ್ಲುತ್ತದೆ. ಎಡಗಾಲಿನ ಕೆರ ಬಲಗಾಲಿಗೆ ಆಗುವುದಿಲ್ಲವಲ್ಲ ಎಂದು ನಗರದ ಶಾಲೆಯಲ್ಲಿ ಒಬ್ಬನು ಕೇಳಿದನು. ಕೆರಕ್ಕೆ ಆಗುವುದಿಲ್ಲ, ಆದರೆ ಕೆರದ ಅಟ್ಟೆಯ ಸುತ್ತ ಕಾಗದದ ಮೇಲೆ ಗೆರೆಯೆಳೆದು ಕತ್ತರಿಸಿಕೊಂಡರೆ ಆ ಕಾಗದಕ್ಕೆ ಆಗುತ್ತದೆ.

ಐದನೆಯ ಚೂರು ಇನ್ನೊಂದು ಭ್ರಮೆಯನ್ನು ಹೊರಕ್ಕೆ ತರುತ್ತದೆ. ಪಾದವೂ ಎತ್ತರವೂ ಸಮವಾದುದರಿಂದ ಇದರ ಕ್ಷೇತ್ರಫಲ ಮೊದಲನೆಯವುಗಳಷ್ಟೇ. ಸೂತ್ರ ಬಲ್ಲ ಜಾಣ ಮಕ್ಕಳೇ ಇಲ್ಲಿ ಎಡವುವರು. “ಎರಡೂ ಬರೋಬ್ಬರಿ” ಎಂದು ಲೆಕ್ಕ ಮಾಡಿ ತೋರಿಸುವರು. ಸೂತ್ರವರಿಯದ ಮಗು ಚೂರನ್ನು ಇಟ್ಟು ನೋಡಿ, ತುದಿ ಹೊರಗೆ ಚಾಚಿದೆಯೆಂದು ಹೇಳಿ ಗೆಲ್ಲುತ್ತದೆ. ಕಲಬುರಗಿಯ ಕಡೆ ‘ಬರೋಬ್ಬರಿ’ ಎಂಬುದು ತೂಕಕ್ಕೂ ಉಂಟು, ಲೆಕ್ಕಕ್ಕೂ ಉಂಟು, ಸರಿಯಾದ ಮಾತಿಗೂ ಉಂಟು. ಒಂದೇ ಶಬ್ದ ಇಷ್ಟೆಲ್ಲ ಹೊರುವುದು ಸಾಧ್ಯವಿಲ್ಲವೆಂದು ತರಗತಿಗೆ ತೋರಿದ ಈ ಗಳಿಗೆಯಲ್ಲಿ ‘ಸರ್ವಸಮ’ವನ್ನು ಹಲಗೆಯ ಮೇಲೆ ಬರೆಯಬೇಕು. ಬೇಕೆಂದು ಕೇಳಿದಾಗ ಕೊಟ್ಟ ಶಬ್ದ ಮರೆಯುವುದಿಲ್ಲ.

ಈ ಸಂದರ್ಭದಲ್ಲಿ ನಿದರ್ಶನಗಳ ವಿಷಯ ಒಂದು ಮಾತು. ಒಂದೇ ಗಿಡದ ಎರಡು ಎಲೆ, ಒಂದೇ ಗೊನೆಯ ಎರಡು ಹಣ್ಣು ಸರ್ವಸಮವೆಂದು ಹೇಳುವುದು ಕೆಲವರ ವಾಡಿಕೆ. ಕಮಲಾಪುರದ ಮಕ್ಕಳ ಮುಂದೆ ಅಲ್ಲಿಯ ಕೆಂಬಾಳೆಯನ್ನು ಹೀಗೆ ಹೆಸರಿಸಿದರೆ ನಗುವರು, ಏಕೆಂದರೆ ಒಂದು ಚಿಪ್ಪಿನಲ್ಲಿ ಎರಡು ಹಣ್ಣು ಒಂದೇ ಆಗಿರುವುದನ್ನು ಅವರು ಕಂಡಿಲ್ಲ. ಒಂದು ರೂಪಾಯಿಯ ಎರಡು ಹೊಸ ನಾಣ್ಯಗಳು ಸಾಕು.

ಮೊದಲ ಪಾಠದಲ್ಲಿ ಉಳಿಯುವುದು ಹೆಸರಿಡುವ ಕೆಲಸ. ಕೂಡಿಕೊಂಡ ಎರಡು ತ್ರಿಭುಜಗಳಲ್ಲಿ ಒಂದಕ್ಕೆ ಅ, ಬ, ಕ ಎಂದೂ ಇನ್ನೊಂದಕ್ಕೆ ಪ, ಟ, ಮ ಎಂದೂ ಮೂಲೆಗಳೊಳಗೆ ಬರೆಯಿಸಿ, ಮತ್ತೆ ಒಂದರ ಮೇಲೊಂದಿಟ್ಟು, ಒಂದೊಂದು ಮೂಲೆಯ ಹತ್ತಿರವೂ ಗುಂಡುಸೂಜಿಯಿಂದ ಚುಚ್ಚಿಸಬೇಕು. ಅ ಇದ್ದ ಮೂಲೆಯ ಸೂಜಿ ಮ ಇದ್ದ ಮೂಲೆಯಲ್ಲಿ ಹೊರಟರೆ ಅ ಮತ್ತು ಮ ಜೊತೆಗಾರರು. ಬ ಟದ ಜೊತೆ, ಕ ಪದ ಜೊತೆ ಬಂದಿದ್ದರೆ △ಅಬಕ ≅ △ಮಟಪ ಎಂದೇ ಬರೆಯಬೇಕು. △ಪಟಮ ಎಂದು ಬರೆದರೆ ಸುಳ್ಳಾಗುತ್ತದೆ. ಈ ಕ್ರಮದ ತಪ್ಪು ಮೇಲಿನ ತರಗತಿಗಳವರೆಗೂ ಮಕ್ಕಳನ್ನು ಬೆನ್ನಟ್ಟುವಂಥದು. ಸೂಜಿಯ ತೂತು ಅದನ್ನು ಕಣ್ಣಿಗೆ ಕಾಣಿಸುತ್ತದೆ.

ಇನ್ನು ಎರಡನೆಯ ಪಾಠ. ಕಲಬುರಗಿ ಜಿಲ್ಲೆಯ ಶಹಾಬಾದಿನ ಹಾಸುಗಲ್ಲನ್ನು ಈ ಸೀಮೆಯ ಮಕ್ಕಳೆಲ್ಲ ಬಲ್ಲರು. ಅವರ ಮನೆಯ ನೆಲದಲ್ಲಿಯೂ ಶಾಲೆಯ ಪಡಸಾಲೆಯಲ್ಲಿಯೂ ಅದೇ ಉಂಟು. ಕೋಣೆಯ ಮೂಲೆಯಲ್ಲಿ ಒಂದು ತ್ರಿಭುಜದ ಕಲ್ಲು ಒಡೆದಿದೆ. ಅದೇ ಆಕಾರದ ಕಲ್ಲನ್ನು ಕಡಿದು ಕಳುಹಿಸಲು ಶಹಾಬಾದಿಗೆ ಹೇಳಿಕಳುಹಿಸಬೇಕು. ಚಿತ್ರ ಕಳುಹಿಸುವಂತಿಲ್ಲ, ಅಳತೆಗಳನ್ನು ಮಾತ್ರ ಹೇಳಬಹುದು. ಒಂದೊಂದು ಅಳತೆಗೆ ಒಂದು ರೂಪಾಯಿ ತೆರಬೇಕು. ತ್ರಿಭುಜಕ್ಕೆ ಮೂರು ಬಾಹು, ಮೂರು ಕೋನ, ಒಟ್ಟು ಆರು ಅಳತೆಗಳು. ಎಷ್ಟು ಕಡಮೆ ಹಣದಲ್ಲಿ ಕೆಲಸವಾದೀತು? ಮಕ್ಕಳನ್ನು ಇಬ್ಬಿಬ್ಬರಾಗಿ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಬೇಕು. ಒಬ್ಬರ ಕೈಯಲ್ಲಿ 5, 7, 8ರ ಚೂರು. ಇನ್ನೊಬ್ಬರ ಕೈಯಲ್ಲಿ ಬರಿಯ ಹಾಳೆಯೂ ಕತ್ತರಿಯೂ. ಕತ್ತರಿಸಿದ ಮೇಲೆ ಎರಡನ್ನೂ ಕೂಡಿಸಿ ನೋಡುವುದೇ ಪರೀಕ್ಷೆ.

ಎರಡು ರೂಪಾಯಿಗೆ ಆಗುವುದಿಲ್ಲವೆಂಬುದು ತಾನಾಗಿ ಗೊತ್ತಾಗುತ್ತದೆ. ಮೂರು ಬಾಹುಗಳನ್ನು ಹೇಳಿದವರು ಗೆಲ್ಲುವರು. ಎರಡು ಬಾಹುಗಳನ್ನೂ ಅವುಗಳ ನಡುವಣ ಕೋನವನ್ನೂ ಹೇಳಿದವರು ಗೆಲ್ಲುವರು. 5 ಮತ್ತು 8ರ ನಡುವಣ ಕೋನ ಸರಿಯಾಗಿ 60 ಅಂಶಗಳಾಗಿರುವುದರಿಂದ ಅಳೆಯುವುದಕ್ಕೆ ಅನುಕೂಲ. ಒಂದು ಬಾಹುವನ್ನೂ ಅದರ ಎರಡು ತುದಿಯ ಕೋನಗಳನ್ನೂ ಹೇಳಿದವರೂ ಗೆಲ್ಲುವರು. ಮೂರು ಕೋನಗಳನ್ನು ಮಾತ್ರ ಹೇಳಿದವರಿಗೆ ಒಮ್ಮೊಮ್ಮೆ ಅಂಗೈಯಷ್ಟು ದೊಡ್ಡ ಕಲ್ಲು, ಒಮ್ಮೊಮ್ಮೆ ಹೆಬ್ಬೆರಳಿನಷ್ಟು ಕಲ್ಲು ಬರುತ್ತದೆ. ಇದಕ್ಕೆ ವಿವರಣೆಯೇ ಬೇಡ.

ಇಲ್ಲಿ ಉಪಾಧ್ಯಾಯರ ಕೈಯಲ್ಲಿರಬೇಕಾದುದು ಅಳತೆಪಟ್ಟಿ. 5, 8 ಮತ್ತು ನಡುವೆ 60 ಅಂಶ ಎಂದು ಹೇಳಿ ಕತ್ತರಿಸಿದ ತ್ರಿಭುಜದ ಮೂರನೆಯ ಬಾಹು 7 ಬರಬೇಕು. ಅದೊಂದನ್ನು ಅಳೆದರೆ ಮಗುವಿನ ತಪ್ಪು ಯಾವುದೆಂದು ವೈದ್ಯನು ನಾಡಿ ನೋಡಿದಂತೆ ತಿಳಿಯುತ್ತದೆ. 11.4ರಷ್ಟು ಬಂದರೆ ಮಗು ಕೋನಮಾಪಕದ ಇನ್ನೊಂದು ಸಾಲನ್ನು ಓದಿ 60ರ ಬದಲು 120 ಅಂಶಗಳನ್ನು ಎಳೆದಿದೆ. 6.1ರಷ್ಟು ಬಂದು, ಉಳಿದ ಬಾಹುಗಳು 4 ಮತ್ತು 7 ಆಗಿದ್ದರೆ, ಅಳತೆಪಟ್ಟಿಯನ್ನು ಒಂದರಿಂದ ಹಿಡಿದಿದೆ. ಒಂದೆರಡು ಮಿಲಿಮೀಟರಿನ ವ್ಯತ್ಯಾಸ ಬಂದರೆ ಕೋನದಲ್ಲಿ ಒಂದೆರಡು ಅಂಶದ ತಪ್ಪು; ಈ ತ್ರಿಭುಜದಲ್ಲಿ ಒಂದು ಅಂಶ ತಪ್ಪಿದರೆ ಎದುರು ಬಾಹು ಒಂದು ಮಿಲಿಮೀಟರಿಗಿಂತ ಸ್ವಲ್ಪ ಕಡಮೆ ಬದಲಾಗುತ್ತದೆ. ಕತ್ತರಿಯ ತಪ್ಪನ್ನೂ ಅಳತೆಯ ತಪ್ಪನ್ನೂ ಬೇರ್ಪಡಿಸುವುದು ಹೀಗೆ: ಚೂರುಗಳನ್ನು ಕೂಡಿಸಿದಾಗ ಒಂದು ಅಂಚಿನುದ್ದಕ್ಕೂ ಸಂದು ಒಂದೇ ಅಗಲವಾಗಿದ್ದರೆ ಗೆರೆಯ ಹೊರಗೆ ಕತ್ತರಿಸಿದ್ದಾರೆ, ಮೂಲೆಯಲ್ಲಿ ಇಲ್ಲದ ಸಂದು ಮುಂದೆ ಹೋದಂತೆ ಅಗಲವಾದರೆ ಕೋನ ತಪ್ಪಿದೆ. ಇದನ್ನು ಮಕ್ಕಳಿಗೂ ಹೇಳಿಕೊಡಬಹುದು; ಆಮೇಲೆ ಅವರು ಉಪಾಧ್ಯಾಯರನ್ನು ಕರೆಯುವುದು ಅರ್ಧಕ್ಕರ್ಧ ಕಡಮೆಯಾಗುತ್ತದೆ.

ಕೋನಮಾಪಕ ಹಿಡಿಯಲಾರದ ಮಕ್ಕಳನ್ನು ಈ ಕೆಲಸದಿಂದ ಹೊರಗಿಡುವ ಅಗತ್ಯವಿಲ್ಲ. 60 ಅಂಶದ ಕೋನವನ್ನು ದಪ್ಪ ಕಾಗದದಲ್ಲಿ ಕತ್ತರಿಸಿ ಮುಂದಿನ ಮೇಜಿನ ಮೇಲೆ ಇಟ್ಟರೆ, ಬೇಕಾದವರು ಬಂದು ತೆಗೆದುಕೊಂಡು ಅದರ ಅಂಚಿನಗುಂಟ ಗೆರೆಯೆಳೆಯುವರು. ಯಾರಿಗೆ ಬೇಕೆಂದು ಹೆಸರು ಹಿಡಿದು ಕರೆಯಬಾರದು. ಹೀಗೆ ಮಾಡಿದವರಿಗೆ ಕೋನ ಅಳೆಯುವ ವಿದ್ಯೆ ಆ ದಿನ ಬರುವುದಿಲ್ಲ, ನಿಜ. ಅದು ಬೇರೆ ಪಾಠ. ಆದರೆ ನಡುವಣ ಕೋನ ಹೇಳಿದರೆ ತ್ರಿಭುಜ ಅಲುಗದೆ ನಿಲ್ಲುತ್ತದೆಂಬುದನ್ನು ಅವರು ಉಳಿದವರ ಜೊತೆಯಲ್ಲೇ ಕಂಡುಕೊಳ್ಳುವರು.

ಬೇಗ ಮುಗಿಸಿದವರಿಗೆ ಇನ್ನಷ್ಟು ಲೆಕ್ಕ ಕೊಡುವುದಕ್ಕಿಂತ ಒಂದು ಚೀಟಿ ಕೊಡುವುದು ಮೇಲು. ಅದರಲ್ಲಿ ಹೀಗಿರುತ್ತದೆ: ಒಂದು ಬಾಹು 8, ಅದರ ಒಂದು ತುದಿಯಲ್ಲಿ 30 ಅಂಶದ ಕೋನ, ಆ ಕೋನಕ್ಕೆ ಎದುರಾದ ಬಾಹು 5. ಇಲ್ಲಿಯೂ ಅಳತೆಗಳು ಮೂರೇ, ಎರಡು ಬಾಹು, ಒಂದು ಕೋನ. ಆದರೆ ಕೋನ ಆ ಬಾಹುಗಳ ನಡುವೆ ಇಲ್ಲ. 8ರ ಗೆರೆ ಎಳೆದು, ಒಂದು ತುದಿಯಿಂದ 30 ಅಂಶದ ಕಿರಣ ಹೊರಡಿಸಿ, ಇನ್ನೊಂದು ತುದಿಯಲ್ಲಿ ಕೈವಾರವೂರಿ 5ರ ಕಂಸ ಬೀಸಿದರೆ ಅದು ಕಿರಣವನ್ನು ಎರಡು ಕಡೆ ಕಡಿಯುತ್ತದೆ, ಸುಮಾರು 3.9ರಲ್ಲಿ ಒಮ್ಮೆ, 9.9ರಲ್ಲಿ ಇನ್ನೊಮ್ಮೆ. ಹೆಚ್ಚಿನವರು ಕಂಸವನ್ನು ಬೆರಳಗಲ ಎಳೆದು ಮೊದಲು ಸಿಕ್ಕಿದ ಬಿಂದುವಿನಲ್ಲಿ ನಿಲ್ಲಿಸುವರು. ಪೂರ್ತಿ ಬೀಸಿರೆಂದು ಮಾತ್ರ ಹೇಳಬೇಕು, ಎರಡನೆಯ ಬಿಂದುವಿನ ಮಾತೆತ್ತಬಾರದು. ಇಬ್ಬರು ಜಾಣರು ಬೆನ್ನಿಗೆ ಬೆನ್ನು ಕೊಟ್ಟು, ಒಂದೇ ಅಳತೆಯಿಂದ ಒಬ್ಬರು ಕುಳ್ಳಾದ, ಒಬ್ಬರು ಉದ್ದನೆಯ ತ್ರಿಭುಜ ಕತ್ತರಿಸಿ, ತಪ್ಪು ಯಾರದೆಂದು ಪರಸ್ಪರ ಪರೀಕ್ಷಿಸಿ, ಯಾರದೂ ಅಲ್ಲವೆಂದು ಕಂಡಾಗ ಅವರ ಮುಖದಲ್ಲಿ ಮೂಡುವ ಗೊಂದಲವನ್ನು ನೋಡಬೇಕು.

ಅದನ್ನು ಇಡೀ ತರಗತಿಗೆ ತೋರಿಸುವುದಕ್ಕೆ ಕೈವಾರ ಬೇಡ, ಒಂದು ಕತ್ತರಿ ಸಾಕು. ಮೂರು ಬಾಹುಗಳೂ 8 ಆಗಿರುವ ಕಾಗದದ ಸಮಬಾಹು ತ್ರಿಭುಜ ತೆಗೆದುಕೊಳ್ಳಿರಿ. ತರಗತಿಗೆ ಕಾಣುವಂತೆ ಮಾಡಲು ಎಲ್ಲವನ್ನೂ ಐದು ಪಟ್ಟು ಹಿಗ್ಗಿಸಿ 40 ಮಾಡಬಹುದು. ಪಾದದ ಮೇಲೆ ಒಂದು ತುದಿಯಿಂದ 3ರ ದೂರದಲ್ಲಿ ಗುರುತು ಮಾಡಿ, ಮೇಲಿನ ಶೃಂಗದಿಂದ ಆ ಗುರುತಿಗೆ ಕತ್ತರಿಸಿರಿ. ಕತ್ತರಿಸಿದ ಗೆರೆಯ ಉದ್ದ ಸರಿಯಾಗಿ 7 ಬರುತ್ತದೆ. ಈಗ ಎರಡು ಚೂರುಗಳಾದುವು. ಎರಡರಲ್ಲಿಯೂ 8ರ ಬಾಹು ಉಂಟು; ಎರಡರಲ್ಲಿಯೂ 7ರ ಬಾಹು ಉಂಟು, ಏಕೆಂದರೆ ಅದು ಒಂದೇ ಗೆರೆಯ ಎರಡು ದಡ; ಎರಡರಲ್ಲಿಯೂ 7ಕ್ಕೆ ಎದುರಾಗಿ 60 ಅಂಶದ ಕೋನ ಉಂಟು. ಆದರೆ ಒಂದರ ಪಾದ 3, ಇನ್ನೊಂದರದು 5. ಒಂದು ಇನ್ನೊಂದಕ್ಕಿಂತ ದೊಡ್ಡದೆಂದು ಕೊನೆಯ ಬೆಂಚಿನ ಮಗುವಿಗೂ ಕಾಣುತ್ತದೆ. ಮೊದಲ ದಿನದ ಲಕೋಟೆಯಲ್ಲಿದ್ದ ಆರನೆಯ ಚೂರು ಇದೇ ಎಂದು ಯಾರಾದರೂ ಗುರುತಿಸದೆ ಇರುವುದಿಲ್ಲ. ಅವರು ಅದನ್ನು 5, 7, 8ರ ಪಕ್ಕದಲ್ಲಿಟ್ಟು ಸಮಬಾಹು ತ್ರಿಭುಜವನ್ನು ಮತ್ತೆ ಕೂಡಿಸಿಬಿಡುವರು.

ಹಾಗಾದರೆ ಚೀಟಿಯಲ್ಲಿಯೂ 8, 7, 60 ಎಂದೇ ಬರೆಯಬಾರದೇಕೆಂದು ಕೇಳಬಹುದು. ಬರೆಯಬಾರದು. ಈ ಅಳತೆಯಲ್ಲಿ ಶೃಂಗದಿಂದ ಪಾದಕ್ಕೆ ಲಂಬದೂರ 6.93, 7ರ ಕಂಸ ಅದಕ್ಕಿಂತ ಕೂದಲೆಳೆಯಷ್ಟು ದೊಡ್ಡದು. 3ರಿಂದ 5ರವರೆಗೂ ಕಂಸ ಗೆರೆಗೆ ಅಂಟಿಕೊಂಡು ಹೋಗುತ್ತದೆ, ನಡುವಣ ಸಂದು ಮಿಲಿಮೀಟರಿಗೂ ಕಡಮೆ, ಪೆನ್ಸಿಲಿನ ಗೆರೆಯೇ ಅದನ್ನು ನುಂಗುತ್ತದೆ. ಮಕ್ಕಳು ಬೇಕಾದ ಕಡೆ ಬಿಂದು ಇಟ್ಟು, 4 ಎಂದು ಅಳೆದು, ಒಂದೇ ತ್ರಿಭುಜ ಬರುವುದೆಂದು ನಂಬಿ ಹೋಗುವರು. ರಚನೆಗೆ 30 ಅಂಶ, ಕತ್ತರಿಗೆ 60 ಅಂಶ, ಹೀಗೆ ಹಂಚಿಕೊಳ್ಳುವುದು ಕ್ಷೇಮ.

ಕಾಗದದ ಕೆಲಸ ಎಲ್ಲಿಯವರೆಗೆ ನಮ್ಮನ್ನು ಒಯ್ಯಬಲ್ಲದೆಂಬುದನ್ನೂ ಹೇಳಬೇಕು. ಸೋಲನ್ನು ತೋರಿಸುವುದಕ್ಕೆ ಎರಡು ಚೂರು ಸಾಕು: ಮೇಲೆ ಹೇಳಿದ ಜೋಡಿಯೊಂದೇ ನಡುವಿಲ್ಲದ ಕೋನದ ನಿಯಮವನ್ನು ಶಾಶ್ವತವಾಗಿ ಮುರಿದುಹಾಕುತ್ತದೆ. ಆದರೆ ಗೆಲುವನ್ನು ಸ್ಥಾಪಿಸುವುದಕ್ಕೆ ಎಷ್ಟು ಚೂರು ಕೂಡಿದರೂ ಸಾಲದು. ನಲವತ್ತು ಜೋಡಿ ಕೂಡಿದುದು ನಲವತ್ತು ಜೋಡಿಗಳ ಸುದ್ದಿ. ಈ ತೊಡಕು ಶಾಲೆಯದಷ್ಟೇ ಅಲ್ಲ. ಯೂಕ್ಲಿಡನು ತನ್ನ ಮೂಲತತ್ತ್ವಗಳ ಮೊದಲನೆಯ ಪುಸ್ತಕದ ನಾಲ್ಕನೆಯ ಪ್ರಮೇಯದಲ್ಲಿ, ಎರಡು ಬಾಹು ಮತ್ತು ನಡುವಣ ಕೋನದ ನಿಯಮವನ್ನು, ಒಂದು ತ್ರಿಭುಜವನ್ನು ಎತ್ತಿ ಇನ್ನೊಂದರ ಮೇಲೆ ಇಡುವುದರ ಮೂಲಕವೇ ಸಾಧಿಸಿದನು. ಹಾಗೆ ಎತ್ತಿ ಇಡಲು ಅಧಿಕಾರ ಎಲ್ಲಿಂದ ಬಂತೆಂದು ಅನಂತರದವರು ಕೇಳಿದರು. 1899ರಲ್ಲಿ ಜರ್ಮನಿಯ ಹಿಲ್ಬರ್ಟನು ರೇಖಾಗಣಿತದ ತಳಹದಿಗಳನ್ನು ಹೊಸದಾಗಿ ಹಾಕುವಾಗ ಆ ನಿಯಮದ ಸಾರವನ್ನು ಸಾಧಿಸಲು ಹೋಗದೆ ಸ್ವಯಂಸಿದ್ಧಗಳ ಸಾಲಿನಲ್ಲಿಯೇ ಇರಿಸಿದನು. ಆದುದರಿಂದ ಏಳನೆಯ ತರಗತಿಯಲ್ಲಿ “ಇದನ್ನು ನಾವು ಸಾಧಿಸಿದೆವು” ಎನ್ನುವ ಬದಲು “ಇದನ್ನು ನಾವು ಒಪ್ಪಿ ಮುಂದುವರಿಯುವೆವು” ಎಂದು ಹಲಗೆಯ ಮೇಲೆ ಬರೆಯುವುದು ನಮಗೆ ಹೆಚ್ಚು ಪ್ರಾಮಾಣಿಕವಾಗಿ ತೋರುತ್ತದೆ.

ಪಾಠದ ಕೊನೆಗೆ ಮನೆಗೆ ಕೊಟ್ಟ ಪ್ರಶ್ನೆ ಮತ್ತೆ ಕಲ್ಲಿನದೇ. ಮೂಲೆಯ ಕಲ್ಲಿನ ಬಾಹುಗಳು 30, 40, 50 ಸೆಂಟಿಮೀಟರು. ಕಲ್ಲಿನ ಒಂದು ಮುಖ ಮಾತ್ರ ನುಣುಪು. ಮೂರು ಅಳತೆಗಳನ್ನೂ ಸರಿಯಾಗಿ ಹೇಳಿ ತರಿಸಿದ ಕಲ್ಲು ಮೂಲೆಗೆ ಕೂಡದೆ ಹೋಯಿತು. ಹೇಗೆ? ಮೊದಲ ದಿನ ಮಗುಚುವುದನ್ನು ಮೋಸವೆಂದವರಿಗೆ ಇದು ಸಂತೋಷದ ಪ್ರಶ್ನೆ: ರೇಖಾಗಣಿತ ಅಪ್ಪಣೆ ಕೊಟ್ಟರೂ ಗೌಂಡಿ ಕೊಡುವುದಿಲ್ಲ, ಮಗುಚಿದರೆ ಒರಟು ಮುಖ ಮೇಲಾಗುತ್ತದೆ. ಎರಡು ಬಾಹುಗಳು ಸಮವಾದ ಕಲ್ಲಾಗಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಅದನ್ನು ಮಗುಚದೆಯೂ ಕೂಡಿಸಬಹುದು. ನಗರದ ಮಕ್ಕಳಲ್ಲಿ ಹಲವರು, ನುಣುಪು ಮುಖ ಮೇಲಿರಲು ಲಂಬಕೋನದ ಮೂಲೆಯಲ್ಲಿ ನಿಂತು ಕಲ್ಲಿನ ಕಡೆ ನೋಡಿದರೆ 30ರ ಬಾಹು ಎಡಗಡೆಗಿರಬೇಕೆಂದು ಒಂದು ವಾಕ್ಯವನ್ನು ಸೇರಿಸಿ ಬರೆದರು. ಅದಕ್ಕೆ ನಾಲ್ಕನೆಯ ರೂಪಾಯಿ ತೆರಬೇಕೇ ಎಂದು ಚರ್ಚೆಯಾಯಿತು. ಕಮಲಾಪುರದಲ್ಲಿ, ತಂದೆ ಗೌಂಡಿ ಕೆಲಸ ಮಾಡುವ ಒಬ್ಬ ಹುಡುಗ ಏನೂ ಬರೆಯಲಿಲ್ಲ. ಹಳೆಯ ವೃತ್ತಪತ್ರಿಕೆಯನ್ನು ಆ ಅಳತೆಗೆ ಕತ್ತರಿಸಿ ತಂದು, ಒಂದು ಮಗ್ಗಲಿನ ಮೇಲೆ ಇದ್ದಿಲಿನಿಂದ “ಈ ಮಗ್ಗಲು ಮ್ಯಾಲ” ಎಂದು ಗುರುತು ಮಾಡಿದ್ದನು.